ಸಮಯ ಮೀರಿದ ಗೋಷ್ಠಿಯಲ್ಲಿ ಕೊನೆಯ ಭಾಷಣಕಾರರನ್ನು ಪರಿಚಯಿಸುವ ಬಗೆ

ಗೋಷ್ಠಿ 12.30ಕ್ಕೆ ಮುಗಿಯಬೇಕಿತ್ತು. ಈಗ 12.36. ಮೂರನೆಯ ಭಾಷಣಕಾರರು ಇನ್ನೂ ಮಾತು ನಿಲ್ಲಿಸಿಲ್ಲ. ನಾಲ್ಕನೆಯವರು ಮುಂದಿನ ಸಾಲಿನಲ್ಲಿ ಕುಳಿತು ತಮ್ಮ ಟಿಪ್ಪಣಿಯ ಹಾಳೆಗಳನ್ನು ಎಣಿಸುತ್ತಿದ್ದಾರೆ. ಹಿಂದಿನ ಸಾಲುಗಳಲ್ಲಿ ಒಂದೊಂದಾಗಿ ಚೀಲಗಳ ಜಿಪ್ ಎಳೆಯುವ ಸದ್ದು ಕೇಳಿಸುತ್ತಿದೆ. ನಿರೂಪಕರ ಕೈಯಲ್ಲಿ ನಾಲ್ಕನೆಯವರ ಒಂದು ಪುಟದ ಪರಿಚಯಪತ್ರವಿದೆ. ಈ ಸ್ಥಿತಿಯಲ್ಲಿ ಆ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿದರೆ ಏನಾಗುತ್ತದೆ ಎಂಬುದನ್ನು ಸಭೆಗಳಿಗೆ ಹೋಗುವವರೆಲ್ಲರೂ ನೋಡಿದ್ದಾರೆ. ಅದರ ಬದಲು ಏನು ಮಾಡಬೇಕು ಎಂಬುದನ್ನು ಇದೇ ಸನ್ನಿವೇಶವನ್ನು ಮುಂದಿಟ್ಟುಕೊಂಡು, ಇದೇ ಗಡಿಯಾರದ ಲೆಕ್ಕದಲ್ಲಿ, ಹಂತಹಂತವಾಗಿ ವಿವರಿಸುತ್ತೇನೆ.

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಸಮಯ ಮೀರಿದ ಸಭೆಯಲ್ಲಿ ಕೇಳುಗರ ಗಮನ ಚದುರುವುದಕ್ಕೆ ದಣಿವೊಂದೇ ಕಾರಣವಲ್ಲ. ಇದು ಯಾವಾಗ ಮುಗಿಯುತ್ತದೆ ಎಂಬುದು ಅವರಿಗೆ ತಿಳಿದಿಲ್ಲ, ಹಾಗಾಗಿ ಪ್ರತಿಯೊಬ್ಬರೂ ಮನಸ್ಸಿನಲ್ಲಿ ತಮ್ಮದೇ ಲೆಕ್ಕ ಹಾಕುತ್ತಿರುತ್ತಾರೆ: ಇನ್ನು ಎಷ್ಟು ಹೊತ್ತು, ಈಗ ಎದ್ದರೆ ಚೆನ್ನಾಗಿರುತ್ತದೆಯೇ, ಮುಂದಿನ ಗೋಷ್ಠಿಗೆ ಜಾಗ ಸಿಗುತ್ತದೆಯೇ. ಆ ಲೆಕ್ಕ ನಿಲ್ಲುವವರೆಗೆ ನೀವು ಭಾಷಣಕಾರರ ಬಗ್ಗೆ ಹೇಳುವ ಯಾವ ಮಾತೂ ಅವರ ಕಿವಿಗೆ ಬೀಳುವುದಿಲ್ಲ. ಆದ್ದರಿಂದ ಪರಿಚಯಿಸುವವರ ಮೊದಲ ಕೆಲಸ ಭಾಷಣಕಾರರ ಹಿರಿಮೆಯನ್ನು ಹೇಳುವುದಲ್ಲ, ಕೇಳುಗರ ಮನಸ್ಸಿನ ಈ ಲೆಕ್ಕವನ್ನು ಮುಗಿಸಿಕೊಡುವುದು.

ಹಂತ 1: ಮುಕ್ತಾಯದ ಹೊತ್ತನ್ನು ಗೊತ್ತುಮಾಡಿಕೊಳ್ಳುವುದು

ಈ ಕೆಲಸವನ್ನು ಮೂರನೆಯವರು ಮಾತನಾಡುತ್ತಿರುವಾಗಲೇ ಮುಗಿಸಬೇಕು, ಅವರಿಗೆ ಬಿದ್ದ ಚಪ್ಪಾಳೆಯ ನಡುವೆ ಅಲ್ಲ. ತಡವಾಗುತ್ತಿದೆ ಎಂಬುದು ಕೊನೆಯ ಗಳಿಗೆಯಲ್ಲಿ ತಿಳಿಯುವ ಸಂಗತಿಯೇನೂ ಅಲ್ಲ. ಎರಡನೆಯವರು ಆರೇಳು ನಿಮಿಷ ಹೆಚ್ಚು ತೆಗೆದುಕೊಂಡಾಗಲೇ ಅದು ನಿಶ್ಚಯವಾಗಿರುತ್ತದೆ.

ಲೆಕ್ಕವನ್ನು ಕೊನೆಯಿಂದ ಹಿಂದಕ್ಕೆ ಹಾಕಬೇಕು. ನಮ್ಮ ಉದಾಹರಣೆಯಲ್ಲಿ ಇದೇ ಸಭಾಂಗಣದಲ್ಲಿ ಮುಂದಿನ ಗೋಷ್ಠಿ 1 ಗಂಟೆಗೆ ಶುರುವಾಗುತ್ತದೆ. ಜನ ಹೊರಗೆ ಹೋಗಿ ಮರಳಿ ಬರಲು ಹತ್ತು ನಿಮಿಷವಾದರೂ ಬೇಕು, ಅಂದರೆ 12.50ಕ್ಕೆ ಎಲ್ಲವೂ ಮುಗಿದಿರಬೇಕು. ಮೂರನೆಯವರು 12.37ಕ್ಕೆ ನಿಲ್ಲಿಸುತ್ತಾರೆ ಎಂದುಕೊಂಡರೆ, ಪರಿಚಯಕ್ಕೆ ಒಂದು ನಿಮಿಷ ಕಳೆದು ಕೊನೆಯವರಿಗೆ ಉಳಿಯುವುದು 12.38ರಿಂದ 12.50ರವರೆಗಿನ ಹನ್ನೆರಡು ನಿಮಿಷ. ಕಾರ್ಯಕ್ರಮ ಪಟ್ಟಿಯಲ್ಲಿ ಅವರಿಗೆ ಕೊಟ್ಟಿದ್ದು ಇಪ್ಪತ್ತು.

ಈ ಎಂಟು ನಿಮಿಷಗಳನ್ನು ಅವರನ್ನು ಕೇಳದೆ ಕಿತ್ತುಕೊಳ್ಳುವ ಹಕ್ಕು ನಿರೂಪಕರಿಗಿಲ್ಲ. ಅದನ್ನು ವೇದಿಕೆಯ ಮೇಲಿಂದ, ಎಲ್ಲರೆದುರು, ಮೈಕಿನಲ್ಲಿ ಹೇಳುವುದಂತೂ ಕೂಡದು. ಮೆಲ್ಲಗೆ ಅವರ ಪಕ್ಕಕ್ಕೆ ಹೋಗಿ ಒಂದು ಚೀಟಿ ಕೊಡುವುದು ಒಳ್ಳೆಯದು. ಅದರಲ್ಲಿ ಇಷ್ಟು ಬರೆದಿದ್ದರೆ ಸಾಕು: "ನಿಮ್ಮ ಸಮಯ 12.38 – 12.50. ಹನ್ನೆರಡು ನಿಮಿಷದಲ್ಲಿ ಯಾವ ಭಾಗವನ್ನು ಉಳಿಸಿಕೊಳ್ಳುತ್ತೀರಿ?" ಇಲ್ಲಿ ಪ್ರಶ್ನೆಯ ರೂಪ ಮುಖ್ಯ. "ಸ್ವಲ್ಪ ಬೇಗ ಮುಗಿಸಬಹುದೇ" ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ, ಆಮೇಲೆ ಇಪ್ಪತ್ತು ನಿಮಿಷದ ಭಾಷಣವನ್ನೇ ಅವಸರವಸರವಾಗಿ ಓದುತ್ತಾರೆ. ಯಾವ ಭಾಗ ಉಳಿಯಬೇಕು ಎಂದು ಕೇಳಿದಾಗ ಅವರು ಕುಳಿತಲ್ಲೇ ಆಯ್ಕೆ ಮಾಡತೊಡಗುತ್ತಾರೆ. ಅವರು ಕೊಡುವ ಉತ್ತರ ನಿಮ್ಮ ಪರಿಚಯಕ್ಕೂ ಬೇಕು, ಏಕೆಂದರೆ ಅವರು ಬಿಟ್ಟುಬಿಡಲಿರುವ ಭಾಗದ ಬಗ್ಗೆ ನೀವು ಕೇಳುಗರಲ್ಲಿ ಆಸೆ ಹುಟ್ಟಿಸಬಾರದು. ಅದೇ ಹೊತ್ತಿಗೆ ಅವರ ಹೆಸರನ್ನು ಅವರ ಬಾಯಿಂದಲೇ ಒಮ್ಮೆ ಹೇಳಿಸಿಕೊಳ್ಳಿ. ಹೊತ್ತು ಮೀರಿದಾಗ ಹೆಸರಿನಲ್ಲಿ ತಡವರಿಸಿದರೆ ಸಭೆ ಎಂದಿಗಿಂತ ಹೆಚ್ಚು ನಿರ್ದಯವಾಗಿರುತ್ತದೆ.

ಹನ್ನೆರಡು ನಿಮಿಷಕ್ಕೆ ಅವರು ಒಪ್ಪದಿದ್ದರೆ ಅಥವಾ ಲೆಕ್ಕ ಹಾಕಿದಾಗ ಐದಾರು ನಿಮಿಷ ಮಾತ್ರ ಉಳಿದರೆ, ಪರಿಚಯದ ಕೌಶಲದಿಂದ ಏನನ್ನೂ ಸಾಧಿಸಲಾಗದು. ಅರ್ಧ ಸಭಾಂಗಣ ಆಗಲೇ ಖಾಲಿಯಾಗಿದ್ದರೂ ಅಷ್ಟೇ. ಆಗ ಸಂಘಟಕರೊಡನೆ ಮಾತನಾಡಿ ಆ ಭಾಷಣವನ್ನು ಮುಂದಿನ ಗೋಷ್ಠಿಯ ಆರಂಭಕ್ಕೆ ಸೇರಿಸುವುದು ಲೇಸು. ಎಂಟು ನಿಮಿಷಕ್ಕಿಂತ ಕಡಿಮೆ ಉಳಿದಿದ್ದರೆ ನಾನು ಈ ದಾರಿಯನ್ನೇ ಆರಿಸುತ್ತೇನೆ. ಅದು ನನ್ನ ಅಂದಾಜು, ಭಾಷಣದ ಸ್ವರೂಪ ನೋಡಿ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು.

ಇನ್ನೆರಡು ಚಿಕ್ಕ ಸಿದ್ಧತೆಗಳಿವೆ. ಕೊನೆಯವರ ಸ್ಲೈಡುಗಳು ಕಂಪ್ಯೂಟರಿನಲ್ಲಿ ತೆರೆದು ಸಿದ್ಧವಾಗಿವೆಯೇ ಎಂದು ತಾಂತ್ರಿಕ ಸಹಾಯಕರನ್ನು ಕೇಳಿಕೊಳ್ಳಬೇಕು, ಮತ್ತು ಭಾಷಣಕಾರರನ್ನು ವೇದಿಕೆಯ ಮೆಟ್ಟಿಲಿಗೆ ಹತ್ತಿರವಿರುವ ಕುರ್ಚಿಗೆ ಕರೆತಂದು ಕೂರಿಸಬೇಕು. ಸಾಲಿನ ನಡುವಿನಿಂದ ಹತ್ತು ಜನರ ಮೊಣಕಾಲು ದಾಟಿ ಅವರು ಬರುವಷ್ಟರಲ್ಲಿ ಪರಿಚಯದಿಂದ ಗಳಿಸಿದ್ದೆಲ್ಲ ಕರಗಿಹೋಗಿರುತ್ತದೆ.

ಹಂತ 2: ಪರಿಚಯಪತ್ರವನ್ನು ಮೂರು ವಾಕ್ಯಕ್ಕೆ ಇಳಿಸುವುದು

ನಮ್ಮ ಉದಾಹರಣೆಯ ಗೋಷ್ಠಿಯ ವಿಷಯ ನೀರು ಪೂರೈಕೆ ಎಂದಿಟ್ಟುಕೊಳ್ಳೋಣ. ಹಿಂದಿನ ಮೂವರು ನೀರಿನ ಹೊಸ ಮೂಲಗಳ ಬಗ್ಗೆ ಮಾತನಾಡಿದ್ದಾರೆ. ಕೊನೆಯವರು ನೆಲದಡಿಯ ಕೊಳವೆಗಳಲ್ಲಿ ಸೋರಿಕೆ ಪತ್ತೆಹಚ್ಚುವ ಎಂಜಿನಿಯರ್. ಅವರು ಕಳಿಸಿದ ಪರಿಚಯಪತ್ರದಲ್ಲಿ ಎರಡು ಪದವಿಗಳು, ಅವುಗಳನ್ನು ಪಡೆದ ವರ್ಷಗಳು, ನಾಲ್ಕು ಹುದ್ದೆಗಳು, ಪ್ರಕಟವಾದ ಪ್ರಬಂಧಗಳ ಸಂಖ್ಯೆ, ಮೂರು ಸಮಿತಿಗಳ ಸದಸ್ಯತ್ವ, ಒಂದು ಪ್ರಶಸ್ತಿ, ಕೊನೆಗೆ ಹವ್ಯಾಸಗಳು ಇವೆ. ನಡುವೆ ಎಲ್ಲೋ ಒಂದು ಸಾಲಿನಲ್ಲಿ "ಹದಿನಾಲ್ಕು ವರ್ಷಗಳಿಂದ ರಾತ್ರಿ ಪಾಳಿಯಲ್ಲಿ ಕೊಳವೆ ಸೋರಿಕೆಯ ಧ್ವನಿ ಪರೀಕ್ಷೆ" ಎಂದಿದೆ.

ಇದರಲ್ಲಿ ಏನನ್ನು ಉಳಿಸಬೇಕು ಎಂದು ನಿರ್ಧರಿಸಲು ನಾನು ಒಂದೇ ಒಂದು ಪ್ರಶ್ನೆಯನ್ನು ಬಳಸುತ್ತೇನೆ: ಇಂದಿನ ಈ ಹನ್ನೆರಡು ನಿಮಿಷವನ್ನು ಇವರೇ ತೆಗೆದುಕೊಳ್ಳಬೇಕು, ಬೇರೆಯವರಲ್ಲ, ಎಂಬುದಕ್ಕೆ ಈ ಸಾಲು ಕಾರಣವಾಗುತ್ತದೆಯೇ? ಪದವಿ, ಪ್ರಶಸ್ತಿ, ಸಮಿತಿ ಯಾವುದೂ ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ, ಅವು ಕಾರ್ಯಕ್ರಮದ ಮುದ್ರಿತ ಪಟ್ಟಿಯಲ್ಲಿ ಹೇಗೂ ಇರುತ್ತವೆ. ನಿಲ್ಲುವುದು ರಾತ್ರಿ ಪಾಳಿಯ ಆ ಸಾಲು ಮಾತ್ರ, ಏಕೆಂದರೆ ಅದನ್ನು ಕೇಳಿದ ಕೂಡಲೇ ಕೇಳುಗರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ. ಸೋರಿಕೆಗೂ ರಾತ್ರಿಗೂ ಏನು ಸಂಬಂಧ? ಸಂಬಂಧವಿದೆ. ರಾತ್ರಿ ವಾಹನಗಳ ಸದ್ದು ಅಡಗಿರುತ್ತದೆ, ನೀರು ಬಳಸುವವರೂ ಕಡಿಮೆ, ಹಾಗಾಗಿ ಸೋರುವ ನೀರಿನ ಸದ್ದನ್ನು ನೆಲದ ಮೇಲಿಂದ ಕೇಳಿ ಗುರುತಿಸುವುದು ಸುಲಭವಾಗುತ್ತದೆ. ಆದರೆ ಆ ಉತ್ತರವನ್ನು ಪೂರ್ತಿಯಾಗಿ ಕೊಡುವುದು ಭಾಷಣಕಾರರ ಕೆಲಸ. ಪರಿಚಯಿಸುವವರು ಬಾಗಿಲನ್ನು ಅರ್ಧ ತೆರೆದು ನಿಲ್ಲಬೇಕು.

ಉಳಿದ ಎರಡು ವಾಕ್ಯಗಳಲ್ಲಿ ಒಂದು, ಈ ಭಾಷಣಕ್ಕೂ ಹಿಂದಿನ ಭಾಷಣಗಳಿಗೂ ಇರುವ ಕೊಂಡಿ. ಮತ್ತೊಂದು, ಹೆಸರು. ಹಿಂದಿನ ಭಾಷಣಗಳ ಸಾರಾಂಶವನ್ನು ಹೇಳುವ ಅಭ್ಯಾಸ ನಿಮಗಿದ್ದರೆ ಇಂದು ಅದನ್ನು ಬಿಡಿ. ಒಂದೇ ವಾಕ್ಯದ ಕೊಂಡಿ ಸಾಕು, ಅದೂ ಕೊನೆಯ ಭಾಷಣ ಇಲ್ಲದಿದ್ದರೆ ಹಿಂದಿನವು ಅಪೂರ್ಣ ಎಂದು ತೋರುವಂತಿರಬೇಕು.

ಬರೆದದ್ದನ್ನು ಗಡಿಯಾರ ನೋಡುತ್ತ ಒಮ್ಮೆ ತುಟಿ ಅಲುಗಿಸಿ ಓದಿ. ನನ್ನ ಓದಿನ ವೇಗದಲ್ಲಿ ಅರವತ್ತು ಕನ್ನಡ ಪದಗಳಿಗೆ ಸುಮಾರು ನಲವತ್ತು ಸೆಕೆಂಡು ಬೇಕಾಗುತ್ತದೆ. ಅದಕ್ಕಿಂತ ಉದ್ದವಾಗಿದ್ದರೆ ವಿಶೇಷಣಗಳನ್ನು ಮೊದಲು ತೆಗೆಯಿರಿ. "ಖ್ಯಾತ", "ಅಪ್ರತಿಮ", "ಬಹುಮುಖ ಪ್ರತಿಭೆಯ" ಎಂಬಂಥ ಪದಗಳು ಹೊತ್ತನ್ನು ತಿನ್ನುತ್ತವೆಯೇ ಹೊರತು ಅವುಗಳಿಂದ ಯಾರೂ ಹೊಸದನ್ನು ತಿಳಿಯುವುದಿಲ್ಲ.

ಹಂತ 3: ಮೈಕಿನ ಮುಂದೆ ಮೊದಲ ಹತ್ತು ಸೆಕೆಂಡು

ಮೂರನೆಯವರ ಚಪ್ಪಾಳೆ ಇನ್ನೂ ನಡೆಯುತ್ತಿರುವಾಗಲೇ ನೀವು ಮೈಕಿನ ಬಳಿ ನಿಂತಿರಬೇಕು. ಚಪ್ಪಾಳೆ ನಿಂತು, ನೀವು ಎದ್ದು ನಡೆದು ಬರುವ ನಡುವಿನ ಆ ಕೆಲವು ಸೆಕೆಂಡುಗಳಲ್ಲೇ ಜನ ಪಕ್ಕದವರೊಡನೆ ಮಾತು ಶುರುಮಾಡುವುದು. ಒಮ್ಮೆ ಶುರುವಾದ ಮಾತನ್ನು ನಿಲ್ಲಿಸುವುದು, ಶುರುವಾಗದಂತೆ ನೋಡಿಕೊಳ್ಳುವುದಕ್ಕಿಂತ ಬಹಳ ಕಷ್ಟ. ಯಾರಾದರೂ ಪ್ರಶ್ನೆ ಕೇಳಲು ಕೈ ಎತ್ತಿದ್ದರೆ ಅವರ ಕಡೆ ನೋಡಿ, "ನಿಮ್ಮ ಪ್ರಶ್ನೆಯನ್ನು ವಿರಾಮದಲ್ಲಿ ಅವರಿಗೇ ಕೇಳಬಹುದು, ಅವರು ಬಾಗಿಲ ಬಳಿ ಇರುತ್ತಾರೆ" ಎಂದು ಹೇಳಿ ಮುಂದೆ ಸಾಗಬೇಕು. "ಒಂದೇ ಒಂದು ಪ್ರಶ್ನೆ" ಎಂದು ಅವಕಾಶ ಕೊಟ್ಟರೆ ಅದು ಕೊನೆಯವರ ಹನ್ನೆರಡು ನಿಮಿಷದಿಂದಲೇ ಹೋಗುತ್ತದೆ.

ನಿಮ್ಮ ಬಾಯಿಂದ ಬರುವ ಮೊದಲ ವಾಕ್ಯ ಮುಕ್ತಾಯದ ಹೊತ್ತಾಗಿರಬೇಕು: "ನಾವು ಸರಿಯಾಗಿ 12.50ಕ್ಕೆ ಏಳುತ್ತೇವೆ." ಅಷ್ಟೇ. ಇಲ್ಲಿ "ಇನ್ನು ಸ್ವಲ್ಪ ಹೊತ್ತು", "ಕೆಲವೇ ನಿಮಿಷ" ಎಂಬ ಮಾತುಗಳು ಕೆಲಸಕ್ಕೆ ಬಾರವು. ಬೆಳಗಿನಿಂದ ಕೇಳುಗರು ಅವನ್ನು ಕೇಳಿ ಕೇಳಿ ನಂಬಿಕೆ ಕಳೆದುಕೊಂಡಿರುತ್ತಾರೆ. ಗಡಿಯಾರದಲ್ಲಿ ನೋಡಿ ಪರೀಕ್ಷಿಸಬಹುದಾದ ಹೊತ್ತನ್ನು ಹೇಳಿದರೆ ಅವರ ಲೆಕ್ಕ ನಿಲ್ಲುತ್ತದೆ. ಹೇಳಿದ ಮೇಲೆ ಎರಡು ಮೂರು ಸೆಕೆಂಡು ಸುಮ್ಮನಿರಿ. ಕೆಲವರು ಕೈಗಡಿಯಾರ ಅಥವಾ ಫೋನು ನೋಡಿ ಮತ್ತೆ ತಲೆ ಎತ್ತುವುದು ನಿಮಗೆ ಕಾಣುತ್ತದೆ. ಅವರು ತಲೆ ಎತ್ತಿದ ಆ ಕ್ಷಣದಿಂದ ಪರಿಚಯ ಶುರುವಾಗಬೇಕು.

ಈ ಜಾಗದಲ್ಲಿ ಹೇಳಬಾರದ ಮಾತುಗಳಲ್ಲಿ ಎರಡು ಮುಖ್ಯವಾದವು. ಮೊದಲನೆಯದು ಕ್ಷಮೆ. "ಸಮಯದ ಅಭಾವದಿಂದಾಗಿ" ಎಂದು ಆರಂಭಿಸುವ ವಾಕ್ಯ ನಿರೂಪಕರಿಗೆ ಬಾಯಿಪಾಠವಾಗಿರುತ್ತದೆ. ಅದು ಸೌಜನ್ಯದ ಮಾತು ಎನಿಸಿದರೂ ಕೇಳುಗರಿಗೆ ಅದರಿಂದ ತಿಳಿಯುವುದು ಎರಡೇ ಸಂಗತಿ: ತಮ್ಮ ಹೊತ್ತು ಹಾಳಾಗಿದೆ, ಮುಂದೆ ಬರುವುದು ಮೊಟಕಾಗಿದೆ. ಹಿಂದಿನವರು ಹೆಚ್ಚು ಹೊತ್ತು ತೆಗೆದುಕೊಂಡರು ಎಂಬ ಸೂಚನೆಯೂ ಅದರಲ್ಲಿ ಇಣುಕುತ್ತದೆ, ಅದು ಮೂರನೆಯವರಿಗೆ ಮುಜುಗರ ತರುತ್ತದೆ. ಕ್ಷಮೆ ಕೇಳಲೇಬೇಕು ಎನಿಸಿದರೆ ಅದನ್ನು 12.50ಕ್ಕೆ, ಎಲ್ಲ ಮುಗಿದ ಮೇಲೆ ಕೇಳಿ.

ಎರಡನೆಯದು "ಕೊನೆಯದಾಗಿ" ಎಂಬ ಪದ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಒಂದು ಸಮ್ಮೇಳನದಲ್ಲಿ ಇಪ್ಪತ್ತು ನಿಮಿಷ ತಡವಾಗಿದ್ದ ಗೋಷ್ಠಿಯನ್ನು ನಿರೂಪಿಸುತ್ತ "ಈಗ ಕೊನೆಯದಾಗಿ" ಎಂದು ಬಾಯಿ ತೆರೆದೆ. ವಾಕ್ಯ ಪೂರ್ತಿಯಾಗುವ ಮೊದಲೇ ಎಡಬದಿಯ ನಾಲ್ಕನೆಯ ಸಾಲಿನಲ್ಲಿದ್ದ ಇಡೀ ಗುಂಪು ಎದ್ದು ನಿಂತಿತು. ಅವರು ಅಸಭ್ಯರಾಗಿರಲಿಲ್ಲ. ಆ ಪದ ಕೇಳಿದೊಡನೆ ಮುಂದಿನದು ವಂದನಾರ್ಪಣೆ ಎಂದು ಅವರ ಕಾಲುಗಳು ತೀರ್ಮಾನಿಸಿಬಿಟ್ಟಿದ್ದವು. ಅಂದಿನಿಂದ ಆ ಪದವನ್ನು ವೇದಿಕೆಯ ಮೇಲೆ ಬಳಸಿಲ್ಲ. ಕೊನೆಯವರು ಯಾರು ಎಂಬುದು 12.50ರ ಮಾತಿನಿಂದ ತಾನಾಗಿಯೇ ತಿಳಿಯುತ್ತದೆ.

ಸಭೆಯಲ್ಲಿ ಗುಜುಗುಜು ಹೆಚ್ಚಿದ್ದರೆ ದನಿ ಏರಿಸಬೇಡಿ, ಮೈಕನ್ನು ತಟ್ಟಲೂ ಬೇಡಿ. ನಿಮ್ಮ ದನಿ ಏರಿದಷ್ಟೂ ಕೆಳಗಿನ ಮಾತೂ ಅದಕ್ಕೆ ಸರಿಸಮನಾಗಿ ಏರುತ್ತದೆ. ಮೈಕಿಗೆ ಸ್ವಲ್ಪ ಹತ್ತಿರ ಬಂದು, ಎಂದಿನದಕ್ಕಿಂತ ತಗ್ಗಿನ ದನಿಯಲ್ಲಿ, ನಿಧಾನವಾಗಿ ಹೊತ್ತನ್ನು ಹೇಳಿದರೆ ಏನು ಹೇಳಿದರೆಂದು ತಿಳಿಯಲು ಜನ ತಾವೇ ಪಕ್ಕದವರನ್ನು ಸುಮ್ಮನಾಗಿಸುತ್ತಾರೆ. ಹೊತ್ತು ಮೀರಿದೆ ಎಂಬ ಅಳುಕಿನಿಂದ ವೇಗವಾಗಿ ಮಾತನಾಡುವುದು ಈ ಗಳಿಗೆಯ ಅತ್ಯಂತ ಸಾಮಾನ್ಯ ತಪ್ಪು. ವಾಕ್ಯಗಳು ಕಡಿಮೆಯಿರಬೇಕು, ವೇಗ ಎಂದಿನಂತೆಯೇ ಇರಬೇಕು.

ಹಂತ 4: ಪರಿಚಯದ ಮಾತು

ನಮ್ಮ ಎಂಜಿನಿಯರರ ಪರಿಚಯ ಹೀಗಿರಬಹುದು:

"ನಾವು ಸರಿಯಾಗಿ 12.50ಕ್ಕೆ ಏಳುತ್ತೇವೆ. (ಮೌನ) ನೆಲದಡಿಯ ಕೊಳವೆ ಸೋರುತ್ತಿದ್ದರೆ ಅದನ್ನು ಕಣ್ಣಿನಿಂದ ಕಾಣಲಾಗದು, ಆದರೆ ಕಿವಿಯಿಂದ ಕೇಳಬಹುದು. ಊರೆಲ್ಲ ಮಲಗಿದ ಹೊತ್ತಿನಲ್ಲಿ ರಸ್ತೆಗೆ ಕಿವಿಗೊಟ್ಟು ಸೋರಿಕೆ ಹುಡುಕುವ ಕೆಲಸವನ್ನು ಇವರು ಹದಿನಾಲ್ಕು ವರ್ಷಗಳಿಂದ ಮಾಡುತ್ತಿದ್ದಾರೆ. ನೀರನ್ನು ಎಲ್ಲಿಂದ ತರಬೇಕೆಂದು ಈವರೆಗೆ ಮೂವರು ಹೇಳಿದರು. ತಂದ ನೀರು ಮನೆ ಸೇರುವ ಮೊದಲು ಎಲ್ಲಿ ಹೋಗುತ್ತದೆ ಎಂಬುದನ್ನು ಈಗ ಹೇಳಲು ಬರುತ್ತಿದ್ದಾರೆ, ಎಂಜಿನಿಯರ್ …"

ಆ ಚುಕ್ಕೆಗಳ ಜಾಗದಲ್ಲಿ ಹೆಸರು ಬರುತ್ತದೆ, ಹೆಸರಿನ ನಂತರ ಬೇರೇನೂ ಬರುವುದಿಲ್ಲ. ಕನ್ನಡದಲ್ಲಿ ಇದಕ್ಕೆ ಸ್ವಲ್ಪ ಎಚ್ಚರ ಬೇಕು. ನಮ್ಮ ವಾಕ್ಯ ಕ್ರಿಯಾಪದದಿಂದ ಮುಗಿಯುವಂಥದ್ದು, ಆದ್ದರಿಂದ ಅಭ್ಯಾಸಬಲದಿಂದ "ಇಂಥವರನ್ನು ವೇದಿಕೆಗೆ ಬರಮಾಡಿಕೊಳ್ಳುತ್ತಿದ್ದೇನೆ" ಎಂದುಬಿಡುತ್ತೇವೆ. ಹೆಸರು ವಾಕ್ಯದ ಹೊಟ್ಟೆಯಲ್ಲಿ ಹೂತುಹೋಗುತ್ತದೆ. ಕೆಲವರು ಹೆಸರಿಗೇ ಚಪ್ಪಾಳೆ ತಟ್ಟಲು ಶುರುಮಾಡಿ, ವಾಕ್ಯ ಮುಂದುವರಿದದ್ದನ್ನು ಕಂಡು ನಿಲ್ಲಿಸುತ್ತಾರೆ, ಉಳಿದವರು ವಾಕ್ಯ ಮುಗಿದ ಮೇಲೆ ತಟ್ಟುತ್ತಾರೆ. ಚಪ್ಪಾಳೆ ಎರಡು ತುಂಡಾಗಿ, ದಣಿದ ಸಭೆಯಲ್ಲಿ ಅಷ್ಟಕ್ಕೇ ಸತ್ತುಹೋಗುತ್ತದೆ. ಕ್ರಿಯಾಪದವನ್ನು ಮೊದಲೇ ಮುಗಿಸಿ ಹೆಸರನ್ನು ವಾಕ್ಯದ ತುದಿಗೆ ಇಟ್ಟರೆ ಯಾವಾಗ ತಟ್ಟಬೇಕು ಎಂಬ ಗೊಂದಲವೇ ಇರುವುದಿಲ್ಲ, ಹೆಸರಿನ ಕೊನೆಯ ಅಕ್ಷರವೇ ಸೂಚನೆಯಾಗುತ್ತದೆ. ಅಷ್ಟು ಹೊತ್ತು "ಇವರು" ಎಂದೇ ಹೇಳುತ್ತಾ ಬಂದದ್ದರಿಂದ ಆ ಇವರು ಯಾರು ಎಂಬ ಕುತೂಹಲವೂ ಸೇರಿಕೊಂಡಿರುತ್ತದೆ.

ಸೋರಿಕೆಯ ಪ್ರಮಾಣವೆಷ್ಟು, ಪತ್ತೆಹಚ್ಚುವ ಉಪಕರಣ ಹೇಗೆ ಕೆಲಸ ಮಾಡುತ್ತದೆ ಎಂಬ ಸಂಗತಿಗಳನ್ನು ಈ ಪರಿಚಯ ಮುಟ್ಟಿಲ್ಲ ಎಂಬುದನ್ನೂ ಗಮನಿಸಿ. ಹನ್ನೆರಡು ನಿಮಿಷ ಸಿಕ್ಕಿರುವವರ ಅತ್ಯುತ್ತಮ ಎರಡು ಮಾತುಗಳನ್ನು ಪರಿಚಯಿಸುವವರೇ ಹೇಳಿಬಿಟ್ಟರೆ ಅವರು ವೇದಿಕೆಗೆ ಬಂದು ಏನನ್ನು ಆರಂಭಿಸಬೇಕು? ಚೀಟಿ ಕೊಡುವಾಗಲೇ "ನಿಮ್ಮ ಮೊದಲ ಮಾತು ಯಾವುದು" ಎಂದು ಕೇಳಿಕೊಂಡಿದ್ದರೆ ಈ ತೊಡಕು ತಪ್ಪುತ್ತದೆ.

ಎದ್ದು ಹೊರಡುವವರ ವಿಚಾರ

12.50 ಎಂದು ಹೇಳಿದ ಮೇಲೂ ಕೆಲವರು ಏಳುತ್ತಾರೆ, ಏಕೆಂದರೆ ಅವರಿಗೆ ನಿಜವಾಗಿಯೂ ಹೋಗಲೇಬೇಕಾಗಿರುತ್ತದೆ. "ಹೊರಡಬೇಕಾದವರು ಈಗ ಹೊರಡಬಹುದು" ಎಂದು ಎಲ್ಲರಿಗೂ ಅನುಮತಿ ಕೊಡುವುದನ್ನು ಕೆಲವರು ಸೂಚಿಸುತ್ತಾರೆ. ನನಗೆ ಅದು ಯಾವಾಗಲೂ ಸರಿಯೆನಿಸುವುದಿಲ್ಲ. ಯಾರೂ ಎದ್ದಿರದ ಸಭೆಯಲ್ಲಿ ಆ ಮಾತು ಆಡಿದರೆ ಕುಳಿತಿರಲು ನಿರ್ಧರಿಸಿದ್ದವರಿಗೂ ಹೊರಡುವ ಯೋಚನೆ ಬರುತ್ತದೆ. ಆದರೆ ನೀವು ಬಾಯಿ ತೆರೆಯುವಾಗಲೇ ಏಳೆಂಟು ಜನ ಎದ್ದು ಸಾಲಿನಿಂದ ಸರಿಯುತ್ತಿದ್ದರೆ ಅವರ ಮೇಲೆ ಮಾತನಾಡುವುದು ವ್ಯರ್ಥ. ಆಗ ಹೊತ್ತನ್ನು ಹೇಳಿ, ಅವರು ಬಾಗಿಲು ತಲುಪುವವರೆಗೆ ಹತ್ತು ಸೆಕೆಂಡು ಸುಮ್ಮನೆ ನಿಂತು, ಬಾಗಿಲು ಮುಚ್ಚಿದ ಮೇಲೆ ಪರಿಚಯ ಆರಂಭಿಸಬೇಕು. ಕಾಯುವಾಗ ಹೊರಡುವವರನ್ನು ನೋಡಬೇಡಿ, ಕುಳಿತಿರುವವರನ್ನು ನೋಡಿ. ನಿಮ್ಮ ಕಣ್ಣು ಬಾಗಿಲ ಕಡೆ ಹೋದರೆ ಎಲ್ಲರ ಕತ್ತೂ ಅತ್ತಲೇ ತಿರುಗುತ್ತದೆ.

ಹಂತ 5: ಹೆಸರು ಹೇಳಿದ ನಂತರ

ಹೆಸರು ಹೇಳಿದೊಡನೆ ಮೈಕಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಬರುವವರ ಕಡೆ ತಿರುಗಿ ನೀವೇ ಮೊದಲು ಚಪ್ಪಾಳೆ ತಟ್ಟಬೇಕು. ಅವರು ಮೈಕನ್ನು ತಲುಪುವವರೆಗೆ ನಿಲ್ಲಿಸಬಾರದು. ಹೂಗುಚ್ಛ ಕೊಡುವುದು, ಛಾಯಾಚಿತ್ರ ತೆಗೆಸುವುದು ಮೊದಲಾದವುಗಳೆಲ್ಲ 12.50ರ ಆಚೆಗೆ ಇರಲಿ.

ಆಮೇಲೆ ಸಭಾಂಗಣದ ಹಿಂದಕ್ಕೆ ಹೋಗಿ ಸಂಘಟಕರೊಡನೆ ಪಿಸುಗುಟ್ಟುವ ಬದಲು, ಭಾಷಣಕಾರರಿಗೆ ಕಾಣುವಂತೆ ಮೊದಲ ಸಾಲಿನಲ್ಲೇ ಕುಳಿತುಕೊಳ್ಳಬೇಕು. ಮೊದಲ ಒಂದೆರಡು ನಿಮಿಷ ನೀವು ತದೇಕಚಿತ್ತದಿಂದ ಕೇಳುತ್ತಿರುವುದು ಅವರಿಗೂ ನಿಮ್ಮ ಹಿಂದಿನ ಸಾಲುಗಳವರಿಗೂ ಕಾಣುತ್ತದೆ. ಪರಿಚಯಿಸಿದವರೇ ಫೋನು ತೆಗೆದರೆ ಉಳಿದವರಿಗೆ ಅದೇ ಸೂಚನೆ. 12.45ಕ್ಕೆ "5" ಎಂದೂ 12.49ಕ್ಕೆ "1" ಎಂದೂ ದೊಡ್ಡದಾಗಿ ಬರೆದ ಹಾಳೆಗಳನ್ನು ಎದೆಯ ಮಟ್ಟದಲ್ಲಿ ಹಿಡಿದು ತೋರಿಸಿ. ಹೀಗೆ ತೋರಿಸುವಿರಿ ಎಂಬುದನ್ನು ಚೀಟಿ ಕೊಡುವಾಗಲೇ ಅವರಿಗೆ ಹೇಳಿರಬೇಕು, ಇಲ್ಲದಿದ್ದರೆ ಮಾತಿನ ನಡುವೆ ಅವರು ಬೆಚ್ಚುತ್ತಾರೆ.

12.50 ಆಗಿಯೂ ಅವರು ಮುಂದುವರಿಸಿದರೆ ಕುಳಿತಲ್ಲೇ ಎದ್ದು ನಿಂತುಕೊಳ್ಳಿ. ಸಾಮಾನ್ಯವಾಗಿ ಅಷ್ಟೇ ಸಾಕಾಗುತ್ತದೆ. ಸಾಲದಿದ್ದರೆ ಅವರ ವಾಕ್ಯವೊಂದು ಮುಗಿಯುವುದನ್ನು ಕಾದು ಮೆಟ್ಟಿಲೇರಿ ಪಕ್ಕಕ್ಕೆ ಬಂದು ನಿಲ್ಲಬೇಕು, ಏಕೆಂದರೆ ಆ ಹೊತ್ತನ್ನು ಸಭೆಗೆ ಹೇಳಿದ್ದು ಅವರಲ್ಲ, ನೀವು.